ಸೋಮವಾರದ ಹಣ ಗುರುವಾರದ ಬೆಳಿಗ್ಗೆ

ನಿಮ್ಮ ಊರಿನ ಪೇಟೆಯಲ್ಲಿ ರಾತ್ರಿ ಅಂಗಡಿ ಮುಚ್ಚುವ ವೇಳೆಗೆ ಯಜಮಾನರು ಗಲ್ಲಾಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ನೋಟುಗಳನ್ನು ಎಣಿಸುವುದನ್ನು ನೀವು ನೋಡಿಯೇ ಇದ್ದೀರಿ. ಪೆಟ್ಟಿಗೆಯಲ್ಲಿರುವ ಹಣ, ರಸೀದಿ ಪುಸ್ತಕದ ಮೊತ್ತ, ಇವೆರಡೂ ಸರಿಹೊಂದಿದರೆ ಬೀಗ ಹಾಕಿ ಮನೆಗೆ ಹೊರಡುತ್ತಾರೆ. ಹೊಂದದಿದ್ದರೆ ಮತ್ತೊಮ್ಮೆ ಎಣಿಸುತ್ತಾರೆ. ಆ ಲೆಕ್ಕದಲ್ಲಿ ಒಂದು ಸೌಕರ್ಯವಿತ್ತು. ಇಂದು ಮಾರಿದ ಸರಕಿನ ಹಣ ಇಂದೇ ಪೆಟ್ಟಿಗೆಯಲ್ಲಿ ಇರುತ್ತಿತ್ತು.

ಈಗ ಅದೇ ಅಂಗಡಿಯವರು ಅಂತರ್ಜಾಲದಲ್ಲಿಯೂ ಮಾರಾಟಕ್ಕೆ ತೊಡಗಿದ್ದಾರೆ ಎಂದಿಟ್ಟುಕೊಳ್ಳಿ. ಹುಬ್ಬಳ್ಳಿಯ ಒಂದು ಇಳಕಲ್ ಸೀರೆಯ ಅಂಗಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಂಗಡಿ ಕಲ್ಪನೆಯದು, ಆದರೆ ಅದಕ್ಕೆ ಒದಗುವ ಪೇಚು ನಿಜವಾದದ್ದು. ಮುಂಬಯಿಯಲ್ಲಿಯೋ ಮೈಸೂರಿನಲ್ಲಿಯೋ ಕುಳಿತ ಗಿರಾಕಿಯೊಬ್ಬರು ಫೋನಿನಲ್ಲಿ ಸೀರೆಯನ್ನು ಆರಿಸಿ, ಯು.ಪಿ.ಐ. ಮೂಲಕವೋ ಕಾರ್ಡಿನ ಮೂಲಕವೋ ಹಣ ಕೊಡುತ್ತಾರೆ. ಆ ಹಣ ನೇರವಾಗಿ ಅಂಗಡಿಯ ಬ್ಯಾಂಕ್ ಖಾತೆಗೆ ಬಂದು ಬೀಳುವುದಿಲ್ಲ. ನಡುವೆ ಪೇಮೆಂಟ್ ಗೇಟ್‌ವೇ ಎಂಬ ಸಂಸ್ಥೆಯೊಂದು ನಿಂತಿರುತ್ತದೆ. ಬೆಂಗಳೂರಿನಲ್ಲಿ ನೆಲೆಯಿರುವ ರೇಜರ್‌ಪೇ ಇಂಥದೊಂದು ಸಂಸ್ಥೆ. ಗಿರಾಕಿಗಳಿಂದ ಹಣ ಪಡೆದು, ಅದನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾದ ಎಸ್ಕ್ರೋ ಖಾತೆಯಲ್ಲಿ ಇರಿಸಿ, ತನ್ನ ಶುಲ್ಕವನ್ನು ಮುರಿದುಕೊಂಡು, ಉಳಿದದ್ದನ್ನು ಅಂಗಡಿಗೆ ಒಟ್ಟುಗೂಡಿಸಿ ಕಳುಹಿಸುವುದು ಇವುಗಳ ಕೆಲಸ. ಹೀಗೆ ಕಳುಹಿಸುವುದಕ್ಕೆ ಸೆಟ್ಲ್‌ಮೆಂಟ್ ಎಂದು ಹೆಸರು. ನಮ್ಮ ಪೇಟೆಯ ಮಾತಿನಲ್ಲಿ ಚುಕ್ತಾ ಎನ್ನಬಹುದು.

ಈ ಚುಕ್ತಾ ಬರುವುದು ಸಾಮಾನ್ಯವಾಗಿ ಮಾರಾಟದ ದಿನದಿಂದ ಎರಡು ಕೆಲಸದ ದಿನಗಳು ಕಳೆದ ಮೇಲೆ. ಸೋಮವಾರದ ಹಣ ಬುಧವಾರ ಬರುತ್ತದೆ. ಶುಕ್ರವಾರದ ಮಾರಾಟ, ಮರುದಿನ ಎರಡನೆಯ ಶನಿವಾರ ಎಂದಾದರೆ, ಬ್ಯಾಂಕಿಗೆ ಅಂದೂ ರಜೆ, ಭಾನುವಾರವೂ ರಜೆ; ಹಣ ಬರುವುದು ಮಂಗಳವಾರ. ಆದ್ದರಿಂದ ಯಾವ ರಾತ್ರಿ ಪೆಟ್ಟಿಗೆ ತೆರೆದು ನೋಡಿದರೂ ಅಂದಿನ ಮಾರಾಟಕ್ಕೂ ಅಂದು ಬ್ಯಾಂಕಿಗೆ ಬಂದ ಹಣಕ್ಕೂ ಸಂಬಂಧವೇ ಕಾಣದು. ಬಂದದ್ದು ಮೊನ್ನೆಯ ಹಣ. ಅದೂ ಶುಲ್ಕ ಕಳೆದು, ಹಿಂದಿರುಗಿಸಿದ್ದನ್ನು ಕಳೆದು, ಹಲವು ಮಾರಾಟಗಳು ಬೆರೆತ ಒಂದೇ ಮೊತ್ತ.

ಈಗ ನಮ್ಮ ಅಂಗಡಿಯ ಒಂದು ಸೋಮವಾರವನ್ನು ನೋಡೋಣ. ಗೇಟ್‌ವೇಯ ಪಟ್ಟಿಯಲ್ಲಿ ಅಂದು ಆರು ಪಾವತಿಗಳು: 2,400, 1,850, 3,200, 1,850, 950 ಮತ್ತು 2,750 ರೂಪಾಯಿ. ಒಟ್ಟು 13,000. ಶುಲ್ಕ ನೂರಕ್ಕೆ ಎರಡು ರೂಪಾಯಿ ಎಂದಿಟ್ಟುಕೊಂಡರೆ (ದರ ಕರಾರಿನಂತೆ ಬೇರೆಯಾಗುವುದುಂಟು) 260 ರೂಪಾಯಿ. ಆ ಶುಲ್ಕದ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 46 ರೂಪಾಯಿ 80 ಪೈಸೆ. ಇವೆರಡನ್ನೂ ಕಳೆದರೆ 12,693 ರೂಪಾಯಿ 20 ಪೈಸೆ. ಇದಲ್ಲದೆ, ಹಿಂದಿನ ವಾರ ಸೀರೆ ಕೊಂಡವರೊಬ್ಬರು ಬಣ್ಣ ಒಪ್ಪಿಗೆಯಾಗಲಿಲ್ಲವೆಂದು ಅದನ್ನು ಹಿಂದಕ್ಕೆ ಕಳುಹಿಸಿದ್ದರು. ಅವರ 1,600 ರೂಪಾಯಿಗಳನ್ನು ಮರಳಿಸುವಂತೆ ಅಂಗಡಿಯವರು ಮಂಗಳವಾರ ತಿಳಿಸಿದ್ದರು. ಅದನ್ನೂ ಗೇಟ್‌ವೇ ಇದೇ ಮೊತ್ತದಿಂದ ಮುರಿದುಕೊಂಡಿತು. ಬುಧವಾರ ಬ್ಯಾಂಕಿಗೆ ಬಂದದ್ದು 11,093 ರೂಪಾಯಿ 20 ಪೈಸೆ.

ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಕಾಣುವುದು ಈ ಒಂದು ಸಾಲು ಮಾತ್ರ. ಆರು ಸೀರೆಗಳ ಸುದ್ದಿಯಿಲ್ಲ, ಮರಳಿಸಿದ ಸೀರೆಯ ಸುದ್ದಿಯೂ ಇಲ್ಲ. ಆ ಸಾಲಿನ ಜೊತೆಗೆ ಒಂದು ಉದ್ದನೆಯ ಗುರುತು ಸಂಖ್ಯೆ ಇರುತ್ತದೆ. ಅದನ್ನು ಯು.ಟಿ.ಆರ್. ಎನ್ನುತ್ತಾರೆ. ನೆಫ್ಟ್ ಮೂಲಕ ಬಂದ ಹಣಕ್ಕೆ ಇದರಲ್ಲಿ 16 ಅಕ್ಷರ ಮತ್ತು ಅಂಕಿಗಳು ಇರುತ್ತವೆ. ಗೇಟ್‌ವೇ ಕೊಡುವ ಚುಕ್ತಾ ಪಟ್ಟಿಯಲ್ಲಿಯೂ ಪ್ರತಿಯೊಂದು ಪಾವತಿಯ ಎದುರಿಗೆ ಅದೇ ಯು.ಟಿ.ಆರ್. ಬರೆದಿರುತ್ತದೆ. ಒಂದು ಕಡೆ ಒಂದೇ ಸಾಲು, ಇನ್ನೊಂದು ಕಡೆ ಏಳು ಸಾಲು. ಎರಡನ್ನೂ ಕಟ್ಟುವ ದಾರ ಈ ಸಂಖ್ಯೆ.

ಇಷ್ಟರಿಂದ ಕೆಲಸ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಗೇಟ್‌ವೇ ಕಳುಹಿಸಿದೆನೆಂದದ್ದು 11,093 ರೂಪಾಯಿ 20 ಪೈಸೆ, ಬ್ಯಾಂಕಿಗೆ ಬಂದದ್ದೂ ಅಷ್ಟೇ, ಇನ್ನೇನು ಬೇಕು? ಅಂಗಡಿಯವರೂ ಬಹುದಿನ ಹಾಗೆಯೇ ನೋಡುತ್ತಿದ್ದರು. ಆದರೆ ಈ ಎರಡು ಲೆಕ್ಕಗಳು ಹೊಂದಿಕೊಂಡರೆ ತಿಳಿಯುವುದು ಗೇಟ್‌ವೇ ಹೇಳಿದಷ್ಟು ಹಣ ಕಳುಹಿಸಿತು ಎಂಬುದು ಮಾತ್ರ. ಆ ಹಣ ಯಾರದು, ಯಾವುದಕ್ಕಾಗಿ ಬಂತು ಎಂಬುದಕ್ಕೆ ಮೂರನೆಯ ಪುಸ್ತಕವನ್ನು ತೆರೆಯಬೇಕು. ಅದು ಅಂಗಡಿಯ ಸ್ವಂತ ಖಾತೆ ಪುಸ್ತಕ.

ಆ ಪುಸ್ತಕದಲ್ಲಿ ಸೋಮವಾರ ಬರೆದಿದ್ದದ್ದು ಆರಲ್ಲ, ಐದು ಮಾರಾಟ. ಮೊತ್ತ 13,000 ಅಲ್ಲ, 11,150. ವ್ಯತ್ಯಾಸ 1,850 ರೂಪಾಯಿ.

ಏನು ನಡೆಯಿತೆಂದರೆ, ಗಿರಾಕಿಯೊಬ್ಬರು, ವಯಸ್ಸಾದ ತಾಯಿಯೊಬ್ಬರೆನ್ನಿ, ಮೊಮ್ಮಗಳ ಮದುವೆಗೆಂದು 1,850 ರೂಪಾಯಿಯ ಸೀರೆಯನ್ನು ಆರಿಸಿ ಯು.ಪಿ.ಐ.ಯಲ್ಲಿ ಹಣ ಕೊಟ್ಟರು. ಅವರ ಬ್ಯಾಂಕಿನಿಂದ ಹಣ ಹೊರಟಿತು; ಗೇಟ್‌ವೇಗೆ ತಲುಪಿತು. ತಲುಪಿತೆಂಬ ಸುದ್ದಿಯನ್ನು ಗೇಟ್‌ವೇ ಅಂಗಡಿಯ ಜಾಲತಾಣಕ್ಕೆ ಕಳುಹಿಸಿದ ಹೊತ್ತಿಗೆ ಅಂಗಡಿಯ ಸರ್ವರ್ ನಾಲ್ಕೈದು ನಿಮಿಷ ನಿಂತುಹೋಗಿತ್ತು. ಆ ತಾಯಿಯ ಫೋನಿನಲ್ಲಿ "ಹಣ ಸಂದಾಯವಾಗಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ" ಎಂಬ ಬರಹ ಮೂಡಿತು. ಅವರು ಹೇಳಿದಂತೆ ಕೇಳಿದರು. ಎರಡನೆಯ ಸಾರಿ ಎಲ್ಲವೂ ಸರಿಯಾಗಿ ನಡೆದು ಆರ್ಡರ್ ಖಚಿತವಾಯಿತು. ಕೆಲಹೊತ್ತಿನ ಮೇಲೆ ಗೇಟ್‌ವೇ ಮೊದಲನೆಯ ಪಾವತಿಯ ಸುದ್ದಿಯನ್ನು ಇನ್ನೊಮ್ಮೆ ಕಳುಹಿಸಿತು. ಅಷ್ಟರಲ್ಲಿ ಅಂಗಡಿಯ ತಂತ್ರಾಂಶ "ಈ ಆರ್ಡರಿಗೆ ಹಣ ಬಂದಾಗಿದೆ" ಎಂದು ಆ ಸುದ್ದಿಯನ್ನು ಬದಿಗೆ ಸರಿಸಿಬಿಟ್ಟಿತು. ಒಂದು ಸೀರೆ, ಎರಡು ಪಾವತಿ; ಪುಸ್ತಕದಲ್ಲಿ ಒಂದೇ.

ಇಂಥ ಹಣ ತಾನಾಗಿ ಹಿಂದಿರುಗುವುದಿಲ್ಲವೇ ಎಂದು ನೀವು ಕೇಳಬಹುದು. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಲ್ಲಿ, ವ್ಯಾಪಾರಿಗೆ ಯು.ಪಿ.ಐ.ಯಲ್ಲಿ ಕೊಟ್ಟ ಹಣ ಗಿರಾಕಿಯ ಖಾತೆಯಿಂದ ಕಡಿತವಾಗಿ, ವ್ಯಾಪಾರಿಯ ಕಡೆಯಲ್ಲಿ ಖಚಿತವಾಗದಿದ್ದರೆ, ಐದು ದಿನಗಳ ಒಳಗೆ ತಾನಾಗಿಯೇ ಹಿಂದಕ್ಕೆ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದಿದೆ. ಆದರೆ ನಮ್ಮ ಪ್ರಸಂಗದಲ್ಲಿ ಬ್ಯಾಂಕುಗಳ ದೃಷ್ಟಿಯಿಂದ ಏನೂ ತಪ್ಪಾಗಿಲ್ಲ. ಹಣ ಹೊರಟಿತು, ಗೇಟ್‌ವೇಗೆ ಸೇರಿತು, ಗೇಟ್‌ವೇ ಅದನ್ನು ಯಶಸ್ವಿ ಎಂದೇ ಬರೆದುಕೊಂಡಿತು, ಬುಧವಾರ ಅಂಗಡಿಗೆ ಕಳುಹಿಸಿಯೂ ಬಿಟ್ಟಿತು. ತಪ್ಪಿದ್ದು ಅಂಗಡಿಯ ಪುಸ್ತಕದಲ್ಲಿ. ಅದನ್ನು ಕಂಡುಹಿಡಿಯಬಲ್ಲವರು ಅಂಗಡಿಯವರು ಮಾತ್ರ. ಅವರು ನೋಡದಿದ್ದರೆ ಆ ತಾಯಿಯೇ ತಮ್ಮ ಪಾಸ್ ಪುಸ್ತಕವನ್ನು ನೋಡಿ ದೂರು ಹೇಳಬೇಕು. ಎಷ್ಟು ಮಂದಿ ಹಾಗೆ ನೋಡುತ್ತಾರೆ?

ಇದನ್ನು ದಿನವೂ ಕೈಯಿಂದ ನೋಡುವುದು ಆಗದ ಕೆಲಸವೇನಲ್ಲ. ಆರು ಸೀರೆಗಳಾದರೆ ಗುಮಾಸ್ತರೊಬ್ಬರು ಹತ್ತು ನಿಮಿಷದಲ್ಲಿ ಮುಗಿಸಿಯಾರು. ಹಬ್ಬದ ಮುಂಚಿನ ದಿನಗಳಲ್ಲಿ ಆರುನೂರು ಸೀರೆಗಳಾದಾಗ ಅವರು ಸಾಲುಗಳನ್ನು ಬಿಟ್ಟು ಮೊತ್ತವನ್ನು ಮಾತ್ರ ನೋಡತೊಡಗುತ್ತಾರೆ, ಆಮೇಲೆ ತಿಂಗಳಿಗೊಮ್ಮೆ ನೋಡಿದರಾಯಿತು ಎನ್ನುತ್ತಾರೆ. ಆದುದರಿಂದ ಈ ಕೆಲಸವನ್ನು ಕಂಪ್ಯೂಟರಿನ ಒಂದು ಸಣ್ಣ ಪ್ರೋಗ್ರಾಮಿಗೆ ಒಪ್ಪಿಸುತ್ತಾರೆ. ಅದು ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ, ಅಂಗಡಿಯವರು ಕಾಫಿ ಕುಡಿಯುವ ಮೊದಲೇ, ಮೂರು ಪುಸ್ತಕಗಳನ್ನೂ ತರಿಸಿಕೊಂಡು ತಾಳೆ ನೋಡುತ್ತದೆ. ಗೇಟ್‌ವೇಯ ಚುಕ್ತಾ ಪಟ್ಟಿಯನ್ನು ನೇರವಾಗಿ ಕೇಳಿ ಪಡೆಯುವ ವ್ಯವಸ್ಥೆಯಿದೆ. ಬ್ಯಾಂಕಿನ ಪಟ್ಟಿ ದೊಡ್ಡ ವ್ಯಾಪಾರಿಗಳಿಗೆ ಹಾಗೆಯೇ ಸಿಗುತ್ತದೆ. ಸಣ್ಣವರು ಹಿಂದಿನ ದಿನದ ಪಟ್ಟಿಯನ್ನು ಇಳಿಸಿಕೊಂಡು ಒಂದು ನಿಯತ ಜಾಗದಲ್ಲಿ ಇಟ್ಟರೆ ಸಾಕು. ಮೂರನೆಯದು ಅಂಗಡಿಯದೇ ಲೆಡ್ಜರು.

ಪ್ರೋಗ್ರಾಮು ಮೊದಲು ಬ್ಯಾಂಕಿನ ಸಾಲನ್ನು ಯು.ಟಿ.ಆರ್. ಮೂಲಕ ಚುಕ್ತಾ ಪಟ್ಟಿಗೆ ಹೊಂದಿಸುತ್ತದೆ. ಆಮೇಲೆ ಚುಕ್ತಾದ ಒಳಗಿನ ಒಂದೊಂದು ಸಾಲನ್ನೂ ಲೆಡ್ಜರಿನ ಒಂದೊಂದು ಸಾಲಿಗೆ ಹೊಂದಿಸುತ್ತದೆ. ಈ ಎರಡನೆಯ ಹೊಂದಿಕೆಯಲ್ಲಿಯೇ ಬುದ್ಧಿ ಬೇಕು. ಹೊಸಬರು ಮೊದಲು ಮಾಡುವ ತಪ್ಪೆಂದರೆ ರೂಪಾಯಿಯ ಮೊತ್ತವನ್ನು ನೋಡಿ ಹೊಂದಿಸುವುದು. ನಮ್ಮ ಸೋಮವಾರದಲ್ಲಿ 1,850ರ ಪಾವತಿಗಳು ಎರಡಿವೆ. ಲೆಡ್ಜರಿನಲ್ಲಿ 1,850 ಒಂದಿದೆ. ಮೊತ್ತವನ್ನು ಮಾತ್ರ ನೋಡುವ ಪ್ರೋಗ್ರಾಮು ಒಂದನ್ನು ಹೊಂದಿಸಿ ಒಂದನ್ನು ಉಳಿಸುತ್ತದೆ, ನಿಜ. ಆದರೆ ಉಳಿದದ್ದು ಯಾವುದೆಂದು ಅದಕ್ಕೆ ತಿಳಿಯದು. ಅದೇ ದಿನ ಬೇರೊಬ್ಬರು ಅದೇ ಬೆಲೆಯ ಸೀರೆ ಕೊಂಡಿದ್ದರೆ ಒಬ್ಬರಿಗೆ ಸಲ್ಲಬೇಕಾದ ಹಣ ಇನ್ನೊಬ್ಬರಿಗೆ ಮರಳೀತು. ಅದೇ ಬೆಲೆಯ ಸರಕನ್ನು ನೂರಾರು ಮಾರುವ ಅಂಗಡಿಯಲ್ಲಿ ಇದು ದಿನವೂ ಆಗುವ ಮಾತು.

ಗೇಟ್‌ವೇ ಪ್ರತಿಯೊಂದು ಪಾವತಿಗೂ ಬೇರೆ ಬೇರೆ ಗುರುತು ಕೊಟ್ಟಿರುತ್ತದೆ. ರೇಜರ್‌ಪೇಯಲ್ಲಾದರೆ ಅದು `pay_` ಎಂದು ಮೊದಲಾಗುತ್ತದೆ, ಮರಳಿಸಿದ್ದು `rfnd_` ಎಂದು, ಚುಕ್ತಾ `setl_` ಎಂದು. ಅಂಗಡಿಯವರು ಲೆಡ್ಜರಿನಲ್ಲಿ ಮಾರಾಟವನ್ನು ಬರೆಯುವಾಗಲೇ ಈ ಪಾವತಿಯ ಗುರುತನ್ನೂ ತಮ್ಮ ಆರ್ಡರ್ ಸಂಖ್ಯೆಯನ್ನೂ ಜೊತೆಯಾಗಿ ಬರೆದಿರಬೇಕು. ಹಣ ಕೇಳುವಾಗ ಆರ್ಡರ್ ಸಂಖ್ಯೆಯನ್ನು ಗೇಟ್‌ವೇಗೂ ಒಪ್ಪಿಸಿರಬೇಕು. ಆಗ ಪಾವತಿಯ ಗುರುತಿನಿಂದ ಹೊಂದಿಸಿದರೆ ನಮ್ಮ ಮೊದಲನೆಯ 1,850 ಜೊತೆಯಿಲ್ಲದೆ ಉಳಿಯುತ್ತದೆ. ಅದರ ಆರ್ಡರ್ ಸಂಖ್ಯೆಯನ್ನು ನೋಡಿದರೆ, ಅದೇ ಆರ್ಡರಿಗೆ ಇನ್ನೊಂದು ಪಾವತಿ ಆಗಲೇ ಜಮಾ ಆಗಿರುವುದು ಕಣ್ಣಿಗೆ ಬೀಳುತ್ತದೆ. ಪ್ರೋಗ್ರಾಮು "ಒಂದು ಆರ್ಡರಿಗೆ ಎರಡು ಪಾವತಿ" ಎಂದು ಬೆಳಗಿನ ಚೀಟಿಯಲ್ಲಿ ಬರೆಯುತ್ತದೆ. ಆರ್ಡರೂ ಇಲ್ಲದೆ ಪಾವತಿ ಮಾತ್ರ ಇದ್ದರೆ ಚೀಟಿಯ ಮಾತು ಬೇರೆ: ಹಣ ಬಂದಿದೆ, ಸೀರೆ ಹೋಗಿಲ್ಲ.

ಲೆಕ್ಕ ಬರೆಯುವ ಕ್ರಮದಲ್ಲಿಯೂ ಒಂದು ಉಪಾಯವಿದೆ. ಇದು ಹಳೆಯ ಜೋಡಿ ನಮೂದಿನ ಲೆಕ್ಕಪದ್ಧತಿಯದೇ ಉಪಾಯ, ಹೊಸದೇನಲ್ಲ. ಮಾರಾಟವಾದ ಕೂಡಲೆ ಹಣವನ್ನು ಬ್ಯಾಂಕಿಗೆ ಬಂತೆಂದು ಬರೆಯಬಾರದು, ಅದು ಬಂದಿಲ್ಲವಷ್ಟೆ. ಗೇಟ್‌ವೇಯ ಹೆಸರಿನಲ್ಲಿ ಒಂದು ಖಾತೆ ತೆರೆದು, ಗೇಟ್‌ವೇ ನಮಗೆ ಇಷ್ಟು ಕೊಡಬೇಕು ಎಂದು ಅಲ್ಲಿ ಬರೆಯಬೇಕು. ಸೋಮವಾರ 11,150 ಅದರ ಹೆಸರಿಗೆ ಖರ್ಚು ಬಿತ್ತು. ಮಂಗಳವಾರ 1,600 ಮರಳಿಸಿದ್ದರಿಂದ ಬಾಕಿ 9,550. ಬುಧವಾರ ಚುಕ್ತಾ ಬಂದಾಗ, ಬ್ಯಾಂಕಿಗೆ 11,093 ರೂಪಾಯಿ 20 ಪೈಸೆ, ಶುಲ್ಕದ ಖರ್ಚಿಗೆ 260, ಶುಲ್ಕದ ಜಿ.ಎಸ್.ಟಿ.ಗೆ 46 ರೂಪಾಯಿ 80 ಪೈಸೆ. ಹೀಗೆ ಒಟ್ಟು 11,400 ಗೇಟ್‌ವೇ ಖಾತೆಗೆ ಜಮಾ ಆಯಿತು. ಕೊಡಬೇಕಾದದ್ದು 9,550, ಕೊಟ್ಟದ್ದು 11,400. ಖಾತೆ ತಲೆಕೆಳಗಾಗಿ 1,850 ರೂಪಾಯಿ ಹೆಚ್ಚಿಗೆ ಜಮಾ ನಿಂತಿತು. ಒಂದು ಚುಕ್ತಾಕ್ಕೆ ಸೇರಿದ ಸಾಲುಗಳೆಲ್ಲ ಸರಿಯಾಗಿ ಬರೆಯಲ್ಪಟ್ಟಿದ್ದರೆ ಅವು ಈ ಖಾತೆಯಲ್ಲಿ ಸೊನ್ನೆಗೆ ಬರಬೇಕು. ಸೊನ್ನೆಯಲ್ಲದ್ದು ಏನು ಉಳಿದರೂ ಅದಕ್ಕೊಂದು ಕಾರಣವಿದೆ, ಅದಕ್ಕೊಬ್ಬ ಮನುಷ್ಯನಿದ್ದಾನೆ.

ಶುಲ್ಕ ಹಾಗೂ ತೆರಿಗೆಯನ್ನು ಬೇರೆ ಬೇರೆಯಾಗಿ ಬರೆಯುವುದನ್ನು ಕೆಲವರು ಬಿಟ್ಟುಬಿಡುತ್ತಾರೆ. ಬ್ಯಾಂಕಿಗೆ ಬಂದಷ್ಟನ್ನೇ ಮಾರಾಟವೆಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆಗ ಮಾರಾಟ ಕಡಿಮೆ ಕಾಣುತ್ತದೆ, ಜಿ.ಎಸ್.ಟಿ. ನೋಂದಣಿಯಿರುವ ಅಂಗಡಿ ಆ 46 ರೂಪಾಯಿ 80 ಪೈಸೆಯನ್ನು ತನ್ನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಅವಕಾಶವನ್ನೂ ಕಳೆದುಕೊಳ್ಳುತ್ತದೆ. ಶುಲ್ಕವನ್ನು ಒಟ್ಟು ಮೊತ್ತದ ಮೇಲೆ ತಾನೇ ಲೆಕ್ಕ ಹಾಕುವ ಪ್ರೋಗ್ರಾಮೂ ಕೆಲವು ದಿನ ಪೈಸೆಗಳಲ್ಲಿ ಎಡವುತ್ತದೆ. ಗೇಟ್‌ವೇ ಒಂದೊಂದು ಪಾವತಿಗೂ ಬೇರೆಯಾಗಿ ಶುಲ್ಕ ಹಾಕಿ ಪೈಸೆಗೆ ಸರಿಮಾಡುತ್ತದೆ. ಬಿಡಿಬಿಡಿಯಾಗಿ ಸರಿಮಾಡಿ ಕೂಡಿಸಿದ್ದಕ್ಕೂ ಕೂಡಿಸಿ ಸರಿಮಾಡಿದ್ದಕ್ಕೂ ಒಂದೆರಡು ಪೈಸೆಯ ಅಂತರ ಬರಬಹುದು. ಪಟ್ಟಿಯ ಸಾಲಿನಲ್ಲಿ ಬರೆದ ಶುಲ್ಕವನ್ನೇ ತೆಗೆದುಕೊಂಡು, ಎಲ್ಲವನ್ನೂ ಪೈಸೆಯ ಪೂರ್ಣಾಂಕಗಳಲ್ಲಿ ಕೂಡಿಸಿದರೆ ಈ ತೊಂದರೆಯಿಲ್ಲ. ದರ ಕರಾರಿನಂತಿದೆಯೇ ಎಂದು ನೋಡುವುದು ಬೇರೆಯ ಪರೀಕ್ಷೆ. ಅದನ್ನು ಬೇರೆಯಾಗಿಯೇ ಮಾಡಬೇಕು.

ಇನ್ನು ಗಡಿಯಾರದ ಒಂದು ವಿಚಿತ್ರವನ್ನು ಹೇಳಬೇಕು. ನೀವು ರೇಡಿಯೋದಲ್ಲಿ ಗ್ರೀನ್‌ವಿಚ್ ವೇಳೆ ಎಂಬ ಮಾತನ್ನು ಕೇಳಿದ್ದೀರಿ. ನಮ್ಮ ವೇಳೆ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಂಪ್ಯೂಟರುಗಳು ಬಹುಮಟ್ಟಿಗೆ ಆ ವೇಳೆಯಲ್ಲಿಯೇ ದಾಖಲೆ ಇಡುತ್ತವೆ. ಮಂಗಳವಾರ ಬೆಳಗಿನ ಜಾವ ಎರಡು ಗಂಟೆಗೆ ಅಮೆರಿಕದಿಂದ ಕನ್ನಡಿಗರೊಬ್ಬರು ಸೀರೆ ಕೊಂಡರೆ, ಆ ದಾಖಲೆಯಲ್ಲಿ ಅದು ಸೋಮವಾರ ರಾತ್ರಿ ಎಂಟೂವರೆ. ದಿನದ ಮೊತ್ತವನ್ನು ಮಾತ್ರ ಹೋಲಿಸುವವರಿಗೆ ಸೋಮವಾರ ಹೆಚ್ಚಾಗಿಯೂ ಮಂಗಳವಾರ ಕಡಿಮೆಯಾಗಿಯೂ ಕಂಡು, ಇಲ್ಲದ ಕಳ್ಳನನ್ನು ಹುಡುಕುವಂತಾಗುತ್ತದೆ. ಎರಡು ದಿನಗಳ ವ್ಯತ್ಯಾಸ ಒಂದಕ್ಕೊಂದು ಸರಿಯಾಗಿ ವಜಾ ಆಗುತ್ತಿದ್ದರೆ ಮೊದಲು ಗಡಿಯಾರವನ್ನು ಸಂಶಯಿಸಿರಿ.

ಹೊಂದದೆ ಉಳಿದದ್ದೆಲ್ಲ ತಪ್ಪೆಂದೂ ತಿಳಿಯಬಾರದು. ಬುಧವಾರ ಬೆಳಿಗ್ಗೆ ನೋಡಿದರೆ ಮಂಗಳವಾರದ ಮಾರಾಟಕ್ಕೆ ಬ್ಯಾಂಕಿನಲ್ಲಿ ಏನೂ ಇಲ್ಲ. ಅದು ಇನ್ನೂ ದಾರಿಯಲ್ಲಿದೆ. ಒಳ್ಳೆಯ ಪ್ರೋಗ್ರಾಮು ಬ್ಯಾಂಕಿನ ರಜೆಗಳ ಪಂಚಾಂಗವನ್ನು ಇಟ್ಟುಕೊಂಡು, ಬರಬೇಕಾದ ದಿನ ದಾಟಿದ್ದನ್ನು ಮಾತ್ರ ಕೂಗಿ ಹೇಳುತ್ತದೆ. ದಿನವೂ ನಲವತ್ತು ಸಾಲುಗಳ ಚೀಟಿ ಕೊಡುವ ಪ್ರೋಗ್ರಾಮನ್ನು ಒಂದು ವಾರದ ಮೇಲೆ ಯಾರೂ ಓದುವುದಿಲ್ಲ. ಮಾರಾಟಕ್ಕಿಂತ ಮರಳಿಸಿದ್ದೇ ಹೆಚ್ಚಾದ ದಿನ ಚುಕ್ತಾವೇ ಬಾರದೆ ಬಾಕಿ ಮುಂದಿನ ದಿನಕ್ಕೆ ಸಾಗುವುದೂ ಉಂಟು. ತಿಂಗಳುಗಳ ಮೇಲೆ ಯಾರೋ ತಮ್ಮ ಕಾರ್ಡಿನ ಬ್ಯಾಂಕಿಗೆ ತಕರಾರು ಹೇಳಿ, ಹಳೆಯ ಮಾರಾಟವೊಂದರ ಹಣ ಇಂದಿನ ಚುಕ್ತಾದಿಂದ ಕಡಿತವಾಗುವುದೂ ಉಂಟು. ಆದುದರಿಂದ ಪ್ರೋಗ್ರಾಮು ನಿನ್ನೆಯ ಪುಟವನ್ನು ಮಾತ್ರವಲ್ಲ, ಇನ್ನೂ ತೀರದ ಸಾಲುಗಳನ್ನೆಲ್ಲ ದಿನವೂ ತಿರುಗಿ ನೋಡಬೇಕು.

ಇನ್ನೊಂದು ಎಚ್ಚರಿಕೆ: ಆರು ಗಂಟೆಗೆ ಓಡುತ್ತಿದ್ದಾಗ ಕರೆಂಟು ಹೋಯಿತು, ಏಳಕ್ಕೆ ಮತ್ತೆ ಓಡಿಸಿದರು ಎನ್ನಿ. ಅದೇ ಚುಕ್ತಾ ಎರಡು ಸಲ ಜಮಾ ಆಗಬಾರದು. ಒಂದು ಯು.ಟಿ.ಆರ್.ಗೆ ಒಂದೇ ನಮೂದು ಎಂದು ಲೆಡ್ಜರಿಗೇ ಕಟ್ಟುಪಾಡು ಹಾಕಿದ್ದರೆ, ಹತ್ತು ಸಲ ಓಡಿಸಿದರೂ ಫಲ ಒಂದೇ.

ಕೆಲವು ಕಡೆ "ಸಣ್ಣಪುಟ್ಟ ವ್ಯತ್ಯಾಸ" ಎಂಬ ಖಾತೆಯೊಂದನ್ನು ಇಟ್ಟು, ಹೊಂದದ್ದನ್ನೆಲ್ಲ ಪ್ರೋಗ್ರಾಮಿನಿಂದಲೇ ಅಲ್ಲಿಗೆ ತಳ್ಳಿಸುವುದನ್ನು ನಾನು ಕಂಡಿದ್ದೇನೆ. ಬೆಳಗಿನ ಚೀಟಿ ಆಗ ಯಾವಾಗಲೂ ಶುಭ್ರವಾಗಿರುತ್ತದೆ. ನನ್ನ ಮಟ್ಟಿಗೆ ಇದು ತಾಳೆ ನೋಡದೇ ಇರುವುದಕ್ಕಿಂತ ಕೆಟ್ಟದ್ದು. ಹೊಂದಿದ್ದನ್ನು ಬರೆಯುವ ಅಧಿಕಾರ ಪ್ರೋಗ್ರಾಮಿಗಿರಲಿ; ಹೊಂದದ್ದನ್ನು ಮುಚ್ಚುವ ಅಧಿಕಾರ ಮನುಷ್ಯನ ಕೈಯಲ್ಲಿರಲಿ, ಮುಚ್ಚಿದವರ ಹೆಸರೂ ಕಾರಣವೂ ಅಲ್ಲಿ ಬರೆದಿರಲಿ.

ನಮ್ಮ ಅಂಗಡಿಗೆ ಹಿಂದಿರುಗೋಣ. ಗುರುವಾರ ಬೆಳಿಗ್ಗೆ ಚೀಟಿಯಲ್ಲಿ ಒಂದೇ ಸಾಲು. ಯಜಮಾನರು ಆ 1,850ನ್ನು ಮಾರಾಟವೆಂದು ಬರೆಯಲಿಲ್ಲ; ಅದು ಮಾರಾಟವಲ್ಲ. "ಗಿರಾಕಿಗಳಿಗೆ ಕೊಡಬೇಕಾದದ್ದು" ಎಂಬ ಖಾತೆಗೆ ಜಮಾ ಮಾಡಿ, ಗೇಟ್‌ವೇ ಖಾತೆಯನ್ನು ಸೊನ್ನೆಗೆ ತಂದರು. ಆಮೇಲೆ ಖಚಿತವಾದ ಪಾವತಿಯನ್ನು ಬಿಟ್ಟು, ಜೊತೆಯಿಲ್ಲದ ಪಾವತಿಯ ಗುರುತನ್ನೇ ಆರಿಸಿ ಮರಳಿಸುವಂತೆ ಗೇಟ್‌ವೇಗೆ ತಿಳಿಸಿದರು. ಆ ಪಾವತಿಯ ಮೇಲೆ ಮುರಿದ ಶುಲ್ಕ ಮತ್ತು ತೆರಿಗೆ 43 ರೂಪಾಯಿ 66 ಪೈಸೆ ಹಿಂದಕ್ಕೆ ಬರಲಿಲ್ಲ, ಅದು ಸಾಮಾನ್ಯವಾಗಿ ಬರುವುದಿಲ್ಲ. ಸರ್ವರ್ ನಿಂತುಹೋದದ್ದಕ್ಕೆ ಅಂಗಡಿ ತೆತ್ತ ಬೆಲೆ ಅಷ್ಟು. ಮುಂದಿನ ಚುಕ್ತಾದಲ್ಲಿ 1,850 ಕಡಿತವಾಗಿ ಬಂದಾಗ, ಪ್ರೋಗ್ರಾಮು ಅದನ್ನು `rfnd_` ಗುರುತಿನಿಂದ ಹೊಂದಿಸಿ ತೀರಿಸಿತು. ಯಜಮಾನರು ಆ ತಾಯಿಗೆ ಫೋನು ಮಾಡಿ, "ಅಮ್ಮಾ, ನೀವು ಎರಡು ಸಾರಿ ಹಣ ಕೊಟ್ಟಿದ್ದೀರಿ, ಒಂದು ವಾರದೊಳಗೆ ನಿಮ್ಮ ಖಾತೆಗೆ ವಾಪಸು ಬರುತ್ತದೆ" ಎಂದಾಗ, ಅವರಿಗೆ ಹಣ ಹೋಗಿದ್ದ ಸಂಗತಿಯೇ ತಿಳಿದಿರಲಿಲ್ಲ. ಸೀರೆ ಯಾವಾಗ ಬರುತ್ತದೆ ಎಂದಷ್ಟೇ ಕೇಳಿದರು.